ಮಗಳನ್ನು ಕರೆತರುವ ಮುಂಚೆ

"ಅಕ್ಕಾ, ನಾವಿಬ್ಬರೂ ಕೆಲಸಕ್ಕೆ ಅಂತ ಹೊಸದಾಗಿ ಈ ದೇಶಕ್ಕೆ ಬಂದಿದ್ದೇವೆ. ಒಂದೂವರೆ ವರ್ಷದ ಮಗಳು ಅಜ್ಜಿ-ತಾತನ ಹತ್ತಿರ ಇದ್ದಾಳೆ. ಇನ್ನೊಂದು ವರ್ಷಕ್ಕೆ ಕರೆಸಿಕೊಳ್ಳಬೇಕು ಅಂತಿದ್ದೇವೆ. ಅಷ್ಟರಲ್ಲಿ ನಮ್ಮನ್ನು ಮರೆತುಬಿಡ್ತಾಳಾ?"

ದಿನಾ ವಿಡಿಯೋ ಕಾಲ್ ಮಾಡುತ್ತಿದ್ದರೆ ನಿಮ್ಮ ಮುಖ, ದನಿ ಎರಡೂ ಅವಳಿಗೆ ಗೊತ್ತಿರುತ್ತವೆ. ಹತ್ತು ನಿಮಿಷ ಸಾಕು, ಆದರೆ ದಿನಾ ಒಂದೇ ಹೊತ್ತಿಗೆ ಇರಲಿ. "ನಾನ್ಯಾರು ಹೇಳು" ಅಂತ ಪರೀಕ್ಷೆ ಮಾಡಬೇಡಿ. ಅವಳು ಆಡುತ್ತಿರುವ ಆಟಕ್ಕೆ ನೀವೂ ಸೇರಿಕೊಳ್ಳಿ.

ಆದರೆ ರಾತ್ರಿ ಬೆಚ್ಚಿ ಎದ್ದಾಗ ಎತ್ತಿಕೊಳ್ಳುವವರನ್ನೇ ಮಗು ಹಚ್ಚಿಕೊಳ್ಳುತ್ತದೆ. ಈಗ ಅದು ಅಜ್ಜಿ. ನನಗೆ ಜಾಸ್ತಿ ಚಿಂತೆ ನೀವು ಅವಳನ್ನು ಕರೆತರುವ ದಿನದ್ದು. ಅವತ್ತು ಅವಳ ಪಾಲಿಗೆ ಅಜ್ಜಿ ಇಲ್ಲದಂತಾಗುತ್ತಾಳೆ.

ನನಗೆ ಗೊತ್ತಿರುವ ಒಂದು ಮನೆಯಲ್ಲಿ ಅಪ್ಪ-ಅಮ್ಮ ವಾರದ ರಜೆ ಹಾಕಿ ಹೋಗಿ ಎರಡೂವರೆ ವರ್ಷದ ಮಗನನ್ನು ಕರೆತಂದರು. ಕೆಲವು ದಿನ ತುಂಬಾ ಅತ್ತ, ಆಮೇಲೆ ಸುಮ್ಮನಾದ. ಕೊಟ್ಟಿದ್ದು ತಿನ್ನುತ್ತಿದ್ದ, ಹೇಳಿದ್ದು ಕೇಳುತ್ತಿದ್ದ. ಹೊಂದಿಕೊಂಡ ಅಂತ ಎಲ್ಲರಿಗೂ ಸಮಾಧಾನ. ಆದರೆ ಬಿದ್ದು ಪೆಟ್ಟಾದರೂ ಯಾರ ಹತ್ತಿರವೂ ಓಡಿ ಬರುತ್ತಿರಲಿಲ್ಲ. ವಿಡಿಯೋದಲ್ಲಿ ಅಜ್ಜಿ ಕಂಡರೆ ಮುಖ ತಿರುಗಿಸುತ್ತಿದ್ದ. ಮಕ್ಕಳ ಮನಸ್ಸಿನ ಬಗ್ಗೆ ಅಧ್ಯಯನ ಮಾಡಿದ ಬ್ರಿಟನ್ನಿನ ಜಾನ್ ಬೌಲ್ಬಿ ಮತ್ತು ಜೇಮ್ಸ್ ರಾಬರ್ಟ್‌ಸನ್ 1950ರ ದಶಕದಲ್ಲೇ ಇದನ್ನು ಗುರುತಿಸಿದ್ದರು. ಹಚ್ಚಿಕೊಂಡವರಿಂದ ದೂರವಾದ ಮಗು ಮೊದಲು ಅತ್ತು ರಂಪ ಮಾಡುತ್ತದೆ, ಆಮೇಲೆ ಕುಗ್ಗುತ್ತದೆ, ಕೊನೆಗೆ ಯಾರೂ ಬೇಡ ಅನ್ನುವ ಹಾಗೆ ಇದ್ದುಬಿಡುತ್ತದೆ. ಅಳುವ ಮಗುವಿಗಿಂತ ಹೀಗೆ ಸುಮ್ಮನಾದ ಮಗುವಿನ ಮೇಲೆ ಜಾಸ್ತಿ ಗಮನ ಬೇಕು.

ಅದಕ್ಕೇ ಹೇಳುತ್ತೇನೆ, ಹೇಗಾದರೂ ಮಾಡಿ ಮೂರ್ನಾಲ್ಕು ವಾರದ ರಜೆ ಹೊಂದಿಸಿಕೊಳ್ಳಿ. ಅಜ್ಜಿಯ ಮನೆಯಲ್ಲೇ ಇದ್ದು ಒಂದೊಂದೇ ಕೆಲಸ ನಿಮ್ಮ ಕೈಗೆ ತೆಗೆದುಕೊಳ್ಳಿ. ಮೊದಲು ಆಟ, ಆಮೇಲೆ ಊಟ, ಸ್ನಾನ. ಮಲಗಿಸುವುದು ಕೊನೆಗೆ, ಯಾಕೆಂದರೆ ನಿದ್ದೆ ಬರುವ ಹೊತ್ತಿಗೆ ಮಗು ಹಳೆಯ ಮಡಿಲನ್ನೇ ಹುಡುಕುತ್ತದೆ. ಮೊದಮೊದಲು ಅಜ್ಜಿ ಪಕ್ಕದಲ್ಲೇ ಇರಲಿ, ಆಮೇಲೆ ಪಕ್ಕದ ಕೋಣೆಯಲ್ಲಿ, ಆಮೇಲೆ ಒಂದು ಗಂಟೆ ಹೊರಗೆ ಹೋಗಿ ಬರಲಿ. ಪೆಟ್ಟಾದಾಗ ಅಜ್ಜಿಯನ್ನು ಬಿಟ್ಟು ನಿಮ್ಮ ಹತ್ತಿರ ಬಂದಳು ಅಂದರೆ ಅವಳು ನಿಮ್ಮನ್ನು ನಂಬಿದ್ದಾಳೆ ಅಂತ ಅರ್ಥ. ಅವಳು ಅಜ್ಜಿಯನ್ನೇ "ಅಮ್ಮ" ಅಂದರೆ ತಿದ್ದಲು ಹೋಗಬೇಡಿ. ಕೇಳಿದಾಗ ಸಂಕಟವಾಗುತ್ತದೆ, ನಿಜ.

ಇಲ್ಲಿಗೆ ಬಂದ ಮೇಲೆ ನಿದ್ದೆ ಕೆಡಬಹುದು, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಬಹುದು. ಗದರಬೇಡಿ. ಕೆಲವು ವಾರವಾದರೂ ಕಡಿಮೆಯಾಗದಿದ್ದರೆ, ಇಲ್ಲವೇ ಮಾತೇ ನಿಂತರೆ, ಮಕ್ಕಳ ಡಾಕ್ಟರಿಗೆ ತೋರಿಸಿ.

ಆರೋಗ್ಯ ಚೆನ್ನಾಗಿದ್ದು ಅವರಿಗೂ ಮನಸ್ಸಿದ್ದರೆ ಅಜ್ಜಿಯೂ ಜೊತೆಗೆ ಬಂದು ಒಂದೆರಡು ತಿಂಗಳು ಇರಲಿ. ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ವಾಪಸ್ ಹೊರಡುವಾಗ ಮಗು ಮಲಗಿದ್ದಾಗ ಹೋಗದೆ, ಅವಳಿಗೆ ಹೇಳಿಯೇ ಹೊರಡಲಿ. ಅಜ್ಜಿಯ ವೀಸಾಕ್ಕೆ ಸಮಯ ಹಿಡಿಯುತ್ತದೆ, ಅವರ ಹತ್ತಿರ ಈ ವಾರವೇ ಮಾತಾಡಿ.