ಬಿಡಿಬಿಡಿಯಾಗಿ ಹಾಕಿದ ಹಣಕ್ಕೆ ಯಾವ ಲೆಕ್ಕ ಸರಿ?

ಪ್ರಶ್ನೆ: ತಿಂಗಳು ತಿಂಗಳು ಫಂಡಿಗೆ ಹಣ ಹಾಕಬೇಕೆಂದುಕೊಂಡಿದ್ದೆ, ಆಗಲಿಲ್ಲ. 2022ರ ಜನವರಿ 1ರಂದು 10,000, 2023ರ ಜನವರಿ 1ರಂದು 10,000, ಅದೇ ಜುಲೈ 1ರಂದು 80,000 ರೂಪಾಯಿ ಹಾಕಿದೆ. 2024ರ ಜನವರಿ 1ಕ್ಕೆ ಅದು 1,10,000 ಆಗಿತ್ತು. ವಾರ್ಷಿಕ ಬೆಳವಣಿಗೆ ದರ ಲೆಕ್ಕ ಹಾಕಿದರೆ ಶೇ 4.88 ಬರುತ್ತದೆ, ಆ್ಯಪ್ ಶೇ 14.20 ತೋರಿಸುತ್ತಿದೆ. ಯಾವುದನ್ನು ನಂಬಲಿ?

ಉತ್ತರ: ಆ್ಯಪ್ ತೋರಿಸುತ್ತಿರುವುದೇ ಸರಿ. ನಿಮ್ಮ ಲೆಕ್ಕವು ಪೂರ್ತಿ ಒಂದು ಲಕ್ಷವೂ ಮೊದಲ ದಿನದಿಂದಲೇ ಫಂಡಿನಲ್ಲಿತ್ತು ಎಂದುಕೊಂಡಿದೆ. ಆದರೆ ಅದರಲ್ಲಿ 80,000 ಅಲ್ಲಿದ್ದದ್ದು ಬರೀ 184 ದಿನ. ಇನ್ನೂ ಬಂದೇ ಇರದ ಹಣ ಒಂದೂವರೆ ವರ್ಷ ದುಡಿಯಲಿಲ್ಲವೆಂದು ಫಂಡನ್ನು ದೂರಿದಂತಾಯಿತು.

ಎಕ್ಸ್‌ಐಆರ್‌ಆರ್ ಎಂಬ ಲೆಕ್ಕವನ್ನೇ ಆ್ಯಪ್ ಬಳಸಿದೆ; ಇದು ಪ್ರತಿಯೊಂದು ಕಂತನ್ನೂ ಅದು ಬಂದ ದಿನದಿಂದ ಎಣಿಸುತ್ತದೆ. ಎಲ್ಲ ಕಂತುಗಳಿಗೂ ಒಂದೇ ವಾರ್ಷಿಕ ದರ ಹಾಕಿದಾಗ ಕೊನೆಯ ಮೊತ್ತ ಎಷ್ಟು ದರಕ್ಕೆ ಸರಿಹೊಂದುತ್ತದೆ ಎಂದು ಹುಡುಕುತ್ತದೆ. ಶೇ 14.20ರಲ್ಲಿ ನೀವೇ ತಾಳೆ ನೋಡಿ: ಮೊದಲ 10,000 ಎರಡು ವರ್ಷಕ್ಕೆ 13,042, ಎರಡನೆಯದು ಒಂದು ವರ್ಷಕ್ಕೆ 11,420, 80,000 ರೂಪಾಯಿ 184 ದಿನಕ್ಕೆ 85,538. ಮೂರನ್ನೂ ಕೂಡಿದರೆ 1,10,000.

ಸ್ಪ್ರೆಡ್‌ಶೀಟಿನಲ್ಲಿ ಎರಡನೆಯ ಸಾಲಿನಿಂದ ಶುರುಮಾಡಿ ಎ ಕಾಲಂನಲ್ಲಿ ದಿನಾಂಕ, ಬಿ ಕಾಲಂನಲ್ಲಿ ಮೊತ್ತ ಬರೆಯಿರಿ. ನಿಮ್ಮ ಕೈಬಿಟ್ಟು ಹೋದ ಹಣಕ್ಕೆ ಮೈನಸ್ ಗುರುತು ಬೇಕು. ಕೊನೆಯ ಸಾಲಿನಲ್ಲಿ 1,10,000 ಮೌಲ್ಯವನ್ನು 2024ರ ಜನವರಿ 1ರ ದಿನಾಂಕದೊಂದಿಗೆ, ಮೈನಸ್ ಇಲ್ಲದೆ ಹಾಕಿ.

```
=XIRR(B2:B5,A2:A5)
```

ಉತ್ತರ 0.142 ಎಂದು ಬರುತ್ತದೆ. ಶೇಕಡಾ ರೂಪಕ್ಕೆ ಬದಲಿಸಿಕೊಳ್ಳಿ. ಮೈನಸ್ ಎಲ್ಲೂ ಹಾಕದಿದ್ದರೆ `#NUM!` ಬಂದು ತಪ್ಪು ಗೊತ್ತಾಗುತ್ತದೆ. ಅದಕ್ಕಿಂತ ಅಪಾಯಕಾರಿ, ಸದ್ದಿಲ್ಲದೆ ನುಸುಳುವ ದಿನಾಂಕದ ತಪ್ಪು. 01-07-2023 ಎಂದು ಬರೆದದ್ದನ್ನು ಶೀಟು ಜನವರಿ 7 ಎಂದು ಓದಿಕೊಂಡರೆ ಯಾವ ಎಚ್ಚರಿಕೆಯೂ ಬರುವುದಿಲ್ಲ, ನಿಮ್ಮ ಶೇ 14.20 ಮಾತ್ರ ಶೇ 9.1ಕ್ಕೆ ಇಳಿದಿರುತ್ತದೆ. ಹಾಗಾಗಿ ದಿನಾಂಕದ ಕಾಲಂನಲ್ಲಿ ತಿಂಗಳ ಹೆಸರು ಕಾಣುವಂತೆ ಮಾಡಿ, ಒಂದೊಂದೇ ಸಾಲು ನೋಡಿ.

ಹೂಡಿಕೆ ಶುರುವಾಗಿ ವರ್ಷ ತುಂಬುವ ಮೊದಲು ಈ ಸಂಖ್ಯೆಗೆ ಬೆಲೆ ಕೊಡಬೇಡಿ. 30 ದಿನದಲ್ಲಿ ಶೇ 3 ಏರಿದ ಹಣಕ್ಕೆ ಎಕ್ಸ್‌ಐಆರ್‌ಆರ್ ಶೇ 43 ಎನ್ನುತ್ತದೆ. ಅದೇ ವೇಗ ವರ್ಷಪೂರ್ತಿ ಉಳಿಯುತ್ತದೆಂದು ಅದು ಹಿಗ್ಗಿಸುವುದೇ ಇದಕ್ಕೆ ಕಾರಣ. ನಿಮ್ಮ ಶೇ 14.20ರಲ್ಲೂ ಆ ಅಂಶ ಸ್ವಲ್ಪ ಇದೆ, ಏಕೆಂದರೆ ಆ ದಿನಕ್ಕೆ ದೊಡ್ಡ ಕಂತಿಗೆ ಇನ್ನೂ ಆರೇ ತಿಂಗಳಾಗಿತ್ತು. ಬೇರೊಂದು ಯೋಜನೆಯ ಜೊತೆ ಹೋಲಿಸುವುದಾದರೆ ಇದೇ ಮೂರು ದಿನಾಂಕಗಳಂದು ಇಷ್ಟೇ ಮೊತ್ತ ಅದಕ್ಕೆ ಹಾಕಿದ್ದರೆ ಎಷ್ಟಾಗುತ್ತಿತ್ತು ಎಂದು ಲೆಕ್ಕ ಹಾಕಿ, ಎರಡರ ಎಕ್ಸ್‌ಐಆರ್‌ಆರ್ ಪಕ್ಕಪಕ್ಕ ಇಟ್ಟು ನೋಡಿ.