ಮುಧೋಳ ನಾಯಿಗೆ ನಡಿಗೆಗಿಂತ ಓಟ ಬೇಕು

"ಒಂದೂವರೆ ವರ್ಷದ ಮುಧೋಳ. ದಿನಾ ಒಂದು ಗಂಟೆ ವಾಕಿಂಗ್ ಮಾಡಿಸ್ತೀನಿ. ಆದ್ರೂ ಬೆಕ್ಕು ಕಂಡ್ರೆ ಓಡುತ್ತೆ, ಕರೆದ್ರೆ ಬರಲ್ಲ. ಹಟಮಾರಿನಾ?"

ಹಟ ಅಲ್ಲ ಸರ್. ಇದು ಕಣ್ಣಿನಿಂದ ಬೇಟೆಯಾಡುವ ತಳಿ. ಕುರಿ ಕಾಯುವ ಬಾರ್ಡರ್ ಕಾಲಿ ನಾಯಿ ಯಜಮಾನನ ಸಿಳ್ಳೆಗೆ ಕಿವಿ ಕೊಡಲೇಬೇಕು. ಮೊಲದ ಹಿಂದೆ ಓಡುವ ನಾಯಿ ಯಾರನ್ನೂ ಕೇಳುತ್ತಾ ನಿಲ್ಲುವಂತಿರಲಿಲ್ಲ. ಓಡುವುದು ಏನಾದರೂ ಕಣ್ಣಿಗೆ ಬಿದ್ದರೆ ನಿಮ್ಮ ದನಿ ಅದಕ್ಕೆ ಕೇಳಿಸೋದೇ ಕಷ್ಟ.

ವಾಕಿಂಗ್ ಇರಲಿ. ಜೊತೆಗೆ ಬೇಲಿ ಇರುವ ಜಾಗದಲ್ಲಿ, ಬೆಳಗಿನ ತಂಪಿನಲ್ಲಿ ಹತ್ತು ನಿಮಿಷ ಜೋರಾಗಿ ಓಡಲು ಬಿಡಿ. ಕೋಲಿಗೆ ಹಗ್ಗ, ಹಗ್ಗದ ತುದಿಗೆ ಬಟ್ಟೆ ಕಟ್ಟಿ ನೆಲದ ಮೇಲೆ ಎಳೆದಾಡಿ, ಕೊನೆಗೆ ಹಿಡಿಯಲು ಕೊಡಿ. ಆಮೇಲೆ ಮಧ್ಯಾಹ್ನದವರೆಗೂ ಕಾಲು ಚಾಚಿ ಮಲಗುತ್ತೆ.

ರಸ್ತೆಯಲ್ಲಿ ಮಾತ್ರ ಹಗ್ಗ ಬಿಚ್ಚಬೇಡಿ. ಇವುಗಳ ತಲೆ ಸಪೂರ. ಹಿಂದಕ್ಕೆ ಜಗ್ಗಿದರೆ ಸಾಮಾನ್ಯ ಕಾಲರ್ ಕಳಚಿಬಿಡುತ್ತೆ. ಎಳೆದಾಗ ಬಿಗಿಯಾಗುವ ಅಗಲ ಪಟ್ಟಿಯ ಕಾಲರ್ ಹಾಕಿ.