0.69% ಎಂದರೆ ಎಷ್ಟು?

ಗಿರಿಜಾ (ಹೆಸರು ಬದಲಿಸಲಾಗಿದೆ) ಶಾಲಾ ಶಿಕ್ಷಕಿ. ಫ್ರಿಜ್ ಮತ್ತು ವಾಷಿಂಗ್ ಮೆಷಿನ್‌ಗೆ ಕ್ರೆಡಿಟ್ ಕಾರ್ಡಿನಲ್ಲಿ 60,000 ರೂಪಾಯಿ ಕೊಟ್ಟಿದ್ದರು. ಬಿಲ್ ಬಂದ ಮರುದಿನವೇ ಅದನ್ನು ಕಂತುಗಳಿಗೆ ಬದಲಿಸಿಕೊಳ್ಳಿ ಎಂದು ಬ್ಯಾಂಕಿನಿಂದ ಕರೆ ಬಂತು: ತಿಂಗಳಿಗೆ ಕೇವಲ 0.69% ಬಡ್ಡಿ, ಹನ್ನೆರಡು ಕಂತು. ಅವರ ಉಳಿತಾಯ ಖಾತೆಯಲ್ಲಿ 1,10,000 ರೂಪಾಯಿ ಇತ್ತು. ಆದರೆ ನಾಲ್ಕು ತಿಂಗಳಲ್ಲಿ ಅತ್ತೆಯವರ ಕಣ್ಣಿನ ಶಸ್ತ್ರಚಿಕಿತ್ಸೆಗೆ 40,000 ಬೇಕಾಗಿತ್ತು.

“ವರ್ಷಕ್ಕೆ ಎಂಟೂಕಾಲು ಪರ್ಸೆಂಟ್ ತಾನೇ ಮೇಡಂ? ಕೈಯಲ್ಲಿ ದುಡ್ಡಿರಲಿ ಎಂದುಕೊಂಡೆ,” ಎಂದರು.

ತಪ್ಪು ಅವರದಲ್ಲ, ಆ ದರವನ್ನು ಹೇಳುವ ರೀತಿಯದು. 0.69% ಎಂಬುದು ಕೊನೆಯ ತಿಂಗಳವರೆಗೂ ಪೂರ್ತಿ 60,000ದ ಮೇಲೆ ಹಾಕಿದ ಲೆಕ್ಕ. ಕಂತು ಕಟ್ಟುತ್ತ ಹೋದಂತೆ ಅಸಲು ಇಳಿಯುತ್ತದೆ. ಹನ್ನೆರಡನೆಯ ತಿಂಗಳಲ್ಲಿ ಉಳಿದಿರುವುದು ಐದೂವರೆ ಸಾವಿರಕ್ಕೂ ಕಡಿಮೆ. ಇಳಿಯುವ ಅಸಲಿನ ಮೇಲೆ ನೋಡಿದರೆ ದರ ವರ್ಷಕ್ಕೆ 15%.

ಕಾಗದದ ಮೇಲೆ ಲೆಕ್ಕ ಬರೆದೆವು. ಕಂತು 5,416, ವರ್ಷದ ಬಡ್ಡಿ ಸುಮಾರು 4,990. ಆ ಬಡ್ಡಿಯ ಮೇಲೆ 18% ಜಿಎಸ್‌ಟಿ, ಅಂದರೆ 900. ಸಂಸ್ಕರಣಾ ಶುಲ್ಕ 500, ಅದಕ್ಕೂ ಜಿಎಸ್‌ಟಿ ಸೇರಿ 590. ಒಟ್ಟು 6,480 ರೂಪಾಯಿ. ಎಲ್ಲ ಸೇರಿದಾಗ ನಿಜವಾದ ದರ ಸುಮಾರು 19.5%. ಅವಧಿಗೆ ಮೊದಲೇ ಸಾಲ ಮುಗಿಸಿದರೂ ಸಂಸ್ಕರಣಾ ಶುಲ್ಕ ಸಾಮಾನ್ಯವಾಗಿ ವಾಪಸು ಬರುವುದಿಲ್ಲ. ಉಳಿದ ಅಸಲಿನ ಮೇಲೆ ಬೇರೊಂದು ಶುಲ್ಕವೂ ಬೀಳಬಹುದು.

ಬಿಲ್ಲನ್ನು ಕೊನೆಯ ದಿನಾಂಕದೊಳಗೆ ಪೂರ್ತಿ ಕಟ್ಟಿದರೆ ಬಡ್ಡಿ ಸೊನ್ನೆ. ಕಳೆದುಕೊಳ್ಳುವುದು ಖಾತೆಯ 3% ಬಡ್ಡಿ ಮಾತ್ರ, ವರ್ಷಕ್ಕೆ ಹೆಚ್ಚೆಂದರೆ 1,800.

ಅವರ ಭಯವನ್ನು ನಾನು ಹಗುರವಾಗಿ ಕಾಣಲಿಲ್ಲ. ಪೂರ್ತಿ ಕಟ್ಟಿದ ಮೇಲೂ 50,000 ಉಳಿಯುತ್ತದೆ, ಶಸ್ತ್ರಚಿಕಿತ್ಸೆಗೆ ಅದು ಸಾಕು. ಬ್ಯಾಂಕಿಗೆ ಕಟ್ಟಬೇಕಾಗುತ್ತಿದ್ದ 5,416ನ್ನು ಸಂಬಳದ ಮರುದಿನವೇ ತಮ್ಮದೇ ಆವರ್ತ ಠೇವಣಿಗೆ ಹಾಕಲು ಹೇಳಿದೆ. ವರ್ಷದೊಳಗೆ ಹಣ ಮತ್ತೆ ತುಂಬುತ್ತದೆ. ಅವರು ಹಾಗೆಯೇ ಮಾಡಿದರು.

ಹೊರಡುವಾಗ ತಮ್ಮನ ವಿಷಯ ತೆಗೆದರು. ಅವನ ಬಳಿ ಉಳಿತಾಯವೇ ಇಲ್ಲ. ಬಿಲ್ಲಿನ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಿದ್ದಾನೆ. ಅವನಿಗೆ ನನ್ನ ಸಲಹೆ ತದ್ವಿರುದ್ಧ. ಕನಿಷ್ಠ ಮೊತ್ತ ಕಟ್ಟಿದರೆ ಉಳಿದದ್ದರ ಮೇಲೆ ಹಲವು ಕಾರ್ಡುಗಳಲ್ಲಿ ತಿಂಗಳಿಗೆ 3.5%ರಷ್ಟು, ಅಂದರೆ ವರ್ಷಕ್ಕೆ 42% ಬಡ್ಡಿ ಬೀಳುತ್ತದೆ. ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಅವನು ಇವತ್ತೇ ಬಾಕಿಯನ್ನು ಇಎಂಐಗೆ ಬದಲಿಸಲು ಬ್ಯಾಂಕನ್ನು ಕೇಳಲಿ, ಬಾಕಿ ತೀರುವವರೆಗೆ ಆ ಕಾರ್ಡನ್ನು ಬಳಸದಿರಲಿ. ಒಪ್ಪುವ ಮೊದಲು ಅಸಲು, ಬಡ್ಡಿ, ಶುಲ್ಕಗಳನ್ನು ಬರಹದಲ್ಲಿ ಪಡೆಯಲಿ. ಅಸಲು ಮತ್ತು ಬಡ್ಡಿಯನ್ನು ಸ್ಪಷ್ಟವಾಗಿ ತೋರಿಸಬೇಕೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿರ್ದೇಶನ ಕೊಟ್ಟಿದೆ.